ಮೂರು ನಿಮಿಷದ ಅನಿಮೇಷನ್ ಹಾಸ್ಯಚಿತ್ರದಲ್ಲಿ ಕ್ಲೈಮ್ಯಾಕ್ಸ್ ಮತ್ತು ಕೊನೆಯ ತಿರುವು

ಪ್ರಶ್ನೆ: ಮೂರು ನಿಮಿಷದ ಅನಿಮೇಷನ್ ಕಾಮಿಡಿಗೆ ಸ್ಕ್ರಿಪ್ಟ್ ಬರೀತಾ ಇದ್ದೀನಿ. ಎರಡು ನಿಮಿಷದವರೆಗೆ ಚೆನ್ನಾಗಿಯೇ ಹೋಗುತ್ತೆ, ಆಮೇಲೆ ಕ್ಲೈಮ್ಯಾಕ್ಸೂ ಟ್ವಿಸ್ಟೂ ಗಡಿಬಿಡಿಯಲ್ಲಿ ಮುಗಿದುಹೋಗುತ್ತೆ. ನೋಡಿದವರು ನಗೋದಿಲ್ಲ, "ಏನಾಯ್ತು?" ಅಂತ ಕೇಳ್ತಾರೆ. ಇದನ್ನ ಹೇಗೆ ಸರಿಮಾಡೋದು?

ಉತ್ತರ:

ಇದೇ ತಪ್ಪನ್ನು ನಾನೂ ಮಾಡಿ ತಿದ್ದಿಕೊಂಡಿರುವುದರಿಂದ, ಆ ಒಂದು ಚಿತ್ರಕಥೆಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಕಥೆ ಇಷ್ಟು. ಮಲೆನಾಡಿನ ಒಂದು ಮನೆಯ ಅಂಗಳದಲ್ಲಿ ಅಜ್ಜಿ ಹಲಸಿನ ಹಪ್ಪಳ ಒಣಗಲು ಹಾಕಿದ್ದಾಳೆ. ಉಪ್ಪು ತಿನ್ನಬಾರದೆಂದು ವೈದ್ಯರಿಂದ ಹೇಳಿಸಿಕೊಂಡಿರುವ ಅಜ್ಜ ಒಂದು ಹಸಿ ಹಪ್ಪಳಕ್ಕೆ ಕೈ ಹಾಕುತ್ತಾನೆ, ಅಜ್ಜಿ ಕೈಮೇಲೆ ಬಡಿಯುತ್ತಾಳೆ, ಅವನು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗಿ ಮಲಗುತ್ತಾನೆ. ಅಷ್ಟರಲ್ಲಿ ಕಾಗೆ ಬರುತ್ತದೆ, ಹಪ್ಪಳಗಳು ಒಂದೊಂದಾಗಿ ಕಾಣೆಯಾಗುತ್ತವೆ. ಅಜ್ಜಿ ಮೊದಲು ಕೋಲು ಬೀಸುತ್ತಾಳೆ, ಆಮೇಲೆ ಹಳೆಯ ಸಿ.ಡಿ.ಗಳನ್ನು ದಾರದಲ್ಲಿ ಕಟ್ಟಿ ತೂಗುಬಿಡುತ್ತಾಳೆ, ಕೊನೆಗೆ ಅಜ್ಜನ ಅಂಗಿಗೆ ಮಡಕೆಯ ತಲೆ ಇಟ್ಟು ಬೆರ್ಚಪ್ಪನನ್ನು ನಿಲ್ಲಿಸುತ್ತಾಳೆ. ಕಾಗೆ ಬೆರ್ಚಪ್ಪನ ತಲೆಯ ಮೇಲೆಯೇ ಬಂದು ಕೂರುತ್ತದೆ. ಅಜ್ಜಿ ಬುಟ್ಟಿ ಕವುಚಿ ಅದನ್ನು ಹಿಡಿಯುವುದು ಕ್ಲೈಮ್ಯಾಕ್ಸ್. ಕಳ್ಳ ಕಾಗೆಯಲ್ಲ, ಬೆರ್ಚಪ್ಪನ ಅಂಗಿಯೊಳಗೆ ನಿಂತಿರುವ ಅಜ್ಜನೇ ಎಂಬುದು ತಿರುವು.

ಮೊದಲ ಕರಡಿನಲ್ಲಿ ಕಾಗೆಯೊಂದಿಗಿನ ಕಾದಾಟವೇ 50 ಸೆಕೆಂಡು ಓಡುತ್ತಿತ್ತು. ಅಜ್ಜಿ ಜಾರುವುದು, ಬಕೆಟ್ ಉರುಳುವುದು, ಸೆರಗು ಬೇಲಿಗೆ ಸಿಕ್ಕಿಹಾಕಿಕೊಳ್ಳುವುದು, ಎಲ್ಲವನ್ನೂ ತುರುಕಿದ್ದೆ. ಬುಟ್ಟಿ ಬಿದ್ದೊಡನೆಯೇ ಮಡಕೆ ಜಾರಿ ಅಜ್ಜನ ಮುಖ ಕಾಣಿಸುತ್ತಿತ್ತು. ಅದರ ಹಿಂದೆಯೇ, ಅವನು ಯಾವಾಗ ಒಳಗಿಂದ ಬಂದು ಅಂಗಿ ಹೊಕ್ಕ ಎಂಬುದನ್ನು ತೋರಿಸುವ 9 ಸೆಕೆಂಡಿನ ಹಿನ್ನೋಟ, ಆಮೇಲೆ ಹೆಸರುಗಳು. ಸ್ಟೋರಿಬೋರ್ಡಿನ ಚಿತ್ರಗಳನ್ನು ಕಾಲಕ್ಕೆ ಸರಿಯಾಗಿ ಜೋಡಿಸಿ, ನಮ್ಮದೇ ದನಿಯಲ್ಲಿ ಕಚ್ಚಾ ಶಬ್ದ ಸೇರಿಸಿ ಅನಿಮ್ಯಾಟಿಕ್ ಮಾಡಿ ಐದಾರು ಜನರಿಗೆ ತೋರಿಸಿದಾಗ, ಬಕೆಟ್ ಉರುಳಿದಾಗ ಎಲ್ಲರೂ ನಕ್ಕರು, ಅಜ್ಜ ಸಿಕ್ಕಿಬಿದ್ದಾಗ ಒಬ್ಬರೂ ನಗಲಿಲ್ಲ. ಒಬ್ಬರಂತೂ ಹೆಸರುಗಳು ಓಡತೊಡಗಿದ ಮೇಲೆ "ಓ, ಅದು ಅಜ್ಜನಾ!" ಎಂದರು.

ತಿರುವಿಗೆ ಸೆಕೆಂಡುಗಳು ಕಡಿಮೆಯಾದವು ಎಂದಷ್ಟೇ ಅಂದುಕೊಂಡು ನಾನು ಮೊದಲು ಅದನ್ನು ಎಳೆದು ಉದ್ದ ಮಾಡಿದೆ, ಏನೂ ಪ್ರಯೋಜನವಾಗಲಿಲ್ಲ. ನಿಜವಾದ ದೋಷ ಬೇರೆಡೆ ಇತ್ತು. ಕಾಗೆ ಸಿಕ್ಕಿತು ಎಂಬ ಗೆಲುವು ನೋಡುಗರ ಮನಸ್ಸಿಗೆ ಇಳಿಯುವ ಮೊದಲೇ ನಾನು ಅದನ್ನು ಸುಳ್ಳು ಮಾಡಿಬಿಟ್ಟಿದ್ದೆ. ಕಥೆ ಮುಗಿಯಿತೆಂದು ನೋಡುಗರು ನಂಬಿದ ಮೇಲೆಯೇ ತಿರುವಿಗೆ ಬೆಲೆ. ಅವರು ಇನ್ನೂ ಕಾದಾಟದ ಗುಂಗಿನಲ್ಲಿದ್ದರೆ ಅಜ್ಜನ ಮುಖವೂ ಬಕೆಟ್ಟಿನಂತೆಯೇ ಮತ್ತೊಂದು ಉರುಳಾಟವಾಗಿ ಕಣ್ಣೆದುರು ಹಾದುಹೋಗುತ್ತದೆ.

ಆದ್ದರಿಂದ ಎರಡನೆಯ ಸಲ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಒಟ್ಟು 180 ಸೆಕೆಂಡು. ಹೆಸರುಗಳಿಗೆ 10. ಅದಕ್ಕೂ ಮುಂಚೆ, ಸತ್ಯ ತಿಳಿದ ಮೇಲೆ ಅಜ್ಜಿ ಏನು ಮಾಡುತ್ತಾಳೆ ಎಂಬುದಕ್ಕೆ 16. ಸತ್ಯ ಬಯಲಾಗುವುದಕ್ಕೆ 18. ಅದರ ಹಿಂದೆ ಏನೂ ನಡೆಯದ 6 ಸೆಕೆಂಡು. ಅಲ್ಲಿಗೆ 50 ಸೆಕೆಂಡು ಆಯಿತು, ಅಂದರೆ ಬುಟ್ಟಿ ನೆಲಕ್ಕೆ ಬೀಳಬೇಕಾದದ್ದು 2:10ಕ್ಕೆ. ಕಾದಾಟಕ್ಕೆ 35 ಸೆಕೆಂಡು ಸಾಕೆಂದು ನಿಶ್ಚಯಿಸಿ, ಅದನ್ನು 1:35ಕ್ಕೆ ಆರಂಭಿಸಿದೆ. ಪರಿಚಯ ಮತ್ತು ಮೂರು ಉಪಾಯಗಳು ಅದರ ಹಿಂದಿನ 95 ಸೆಕೆಂಡಿನೊಳಗೆ ಹೊಂದಿಕೊಳ್ಳಬೇಕಾಯಿತು. ಮುಂದಿನಿಂದ ಬರೆಯುತ್ತ ಬಂದರೆ ಪ್ರತಿಯೊಂದು ದೃಶ್ಯವೂ ತನ್ನ ಪಾಲಿಗಿಂತ ಎರಡು ಮೂರು ಸೆಕೆಂಡು ಹೆಚ್ಚಿಗೆ ತಿನ್ನುತ್ತದೆ, ಆ ಸಾಲವನ್ನೆಲ್ಲ ತೀರಿಸಬೇಕಾಗುವುದು ಕೊನೆಯ ದೃಶ್ಯ. ಬಕೆಟ್ಟಿನ ಪ್ರಸಂಗವನ್ನು ತೆಗೆದುಹಾಕುವಾಗ ನನಗೆ ನಿಜಕ್ಕೂ ಸಂಕಟವಾಯಿತು, ಏಕೆಂದರೆ ಇಡೀ ಚಿತ್ರದಲ್ಲಿ ಜನ ನಕ್ಕದ್ದು ಅಲ್ಲೊಂದೇ ಕಡೆ. ಆದರೆ ದೊಡ್ಡ ನಗು ಬರಬೇಕಾದ ಜಾಗಕ್ಕೆ ಅರ್ಧ ನಿಮಿಷ ಮೊದಲು ಅಷ್ಟೇ ದೊಡ್ಡದಾದ ಇನ್ನೊಂದು ನಗುವನ್ನು ಇಡುವುದು ನಷ್ಟದ ವ್ಯಾಪಾರ.

ಕ್ಲೈಮ್ಯಾಕ್ಸಿಗೆ ಒಂದೇ ಕೆಲಸ ಉಳಿಸಿದೆ: ಕಾಗೆ ಸಿಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಕೊಡುವುದು. ಅಜ್ಜಿ ತುದಿಗಾಲಿನಲ್ಲಿ ನಡೆಯುತ್ತಾಳೆ, ಕಾಗೆ ಹಾರಿ ನೆಲಕ್ಕಿಳಿಯುತ್ತದೆ, ಬುಟ್ಟಿ ಬೀಳುತ್ತದೆ, ಒಳಗಿಂದ ಒಂದು "ಕಾ" ಕೇಳುತ್ತದೆ. ಕಾಗೆ ಬುಟ್ಟಿಯೊಳಗೆ ಸೆರೆಯಾಗಿರುವುದೇ ತಿರುವಿಗೆ ಸಾಕ್ಷಿಯೂ ಆಗುವುದರಿಂದ, ಈ ಗೆಲುವು ಯಾವ ಸಂಶಯವೂ ಉಳಿಯದಷ್ಟು ಪೂರ್ತಿಯಾಗಿರಬೇಕು.

ಹಿನ್ನೋಟವನ್ನು ತೆಗೆದದ್ದು ಇದಕ್ಕಿಂತ ಕಷ್ಟವಾಯಿತು. ತಿರುವಿನ ನಂತರ ವಿವರಣೆ ಬೇಕಾಗುತ್ತಿದೆ ಎಂದರೆ ಮುಂಚೆ ಬಿತ್ತಬೇಕಾದದ್ದನ್ನು ಬಿತ್ತಿಲ್ಲ ಎಂದೇ ಅರ್ಥ. ನಾನು ಬಿತ್ತಿದ್ದು ಅಜ್ಜನ ಗೊರಕೆಯನ್ನು. 0:18ಕ್ಕೆ ಒಳಗಿನ ಕೋಣೆಯಿಂದ ಗೊರಕೆ ಕೇಳುತ್ತದೆ, ಅಜ್ಜಿ ತಲೆಯಾಡಿಸುತ್ತಾಳೆ. ಜನರಿಗೆ ಅದೊಂದು ಸಣ್ಣ ತಮಾಷೆ. 0:55ಕ್ಕೆ ಮತ್ತೊಮ್ಮೆ, ಈ ಸಲ ಸಿಟ್ಟಿನಲ್ಲಿರುವ ಅಜ್ಜಿ ಆ ಗೊರಕೆಯ ಲಯಕ್ಕೇ ಸಿ.ಡಿ. ಕಟ್ಟುತ್ತಾಳೆ. 1:20ರ ಸುಮಾರಿಗೆ ಅವಳು ಬುಟ್ಟಿ ತರಲು ಕೊಟ್ಟಿಗೆಗೆ ಹೋಗುತ್ತಾಳೆ, ಅಜ್ಜ ಅಂಗಿ ಹೊಗುವುದು ಆಗಲೇ, ಅದನ್ನು ನಾವು ತೋರಿಸುವುದಿಲ್ಲ. ಅಲ್ಲಿಂದ ಕಾದಾಟ ಮುಗಿಯುವವರೆಗೆ ಗೊರಕೆ ಇಲ್ಲ. ಕಾದಾಟದ ಸದ್ದಿನಲ್ಲಿ ಅದು ನಿಂತದ್ದು ಯಾರಿಗೂ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಒಮ್ಮೆ ಕೇಳಿದ್ದನ್ನು ನೋಡುಗರು ಮರೆಯಬಹುದು. ಎರಡು ಸಲ ಬೇರೆ ಬೇರೆ ಕಾರಣಕ್ಕೆ ನಗಿಸಿದ್ದನ್ನು ಅವರು ಕಥೆಯ ಸಾಮಾನೆಂದು ತಿಳಿಯದೆಯೇ ನೆನಪಿಟ್ಟುಕೊಳ್ಳುತ್ತಾರೆ. ಮೂರನೆಯ ಸಲ ಬಿತ್ತಿದ್ದರೆ ಬುದ್ಧಿವಂತರು ಮೊದಲೇ ಹಿಡಿದುಬಿಡುತ್ತಿದ್ದರು.

ಇನ್ನು ಆ 18 ಸೆಕೆಂಡು. ಮೊದಲ ಕರಡಿನಲ್ಲಿ ನಾನು "ಅಜ್ಜಿಗೆ ಸತ್ಯ ತಿಳಿಯುತ್ತದೆ" ಎಂದು ಒಂದೇ ಸಾಲು ಬರೆದಿದ್ದೆ. ಸ್ಟೋರಿಬೋರ್ಡ್ ಮಾಡುವವರು ಒಂದು ಸಾಲನ್ನು ಒಂದು ಶಾಟ್ ಎಂದು ಓದಿಕೊಳ್ಳುವುದು ಸಹಜ, ತಪ್ಪು ಅವರದಲ್ಲ. ಸತ್ಯ ತಿಳಿಯುವುದನ್ನು ಹಂತಹಂತವಾಗಿ, ಒಂದು ಶಾಟಿಗೆ ಒಂದು ಸಾಲಿನಂತೆ, ಸಮಯದ ಸಮೇತ ಬರೆದಾಗ ಅದು ಹೀಗಾಯಿತು:

2:16 – ಜಗಲಿಯ ಮೇಲೆ ಕೂತ ಅಜ್ಜಿ. ಗೊರಕೆ ಕೇಳುತ್ತದೆ. ಅಭ್ಯಾಸದಂತೆ ನಗುತ್ತಾಳೆ.
2:19 – ಚಾಪೆಯ ಮೇಲೆ ಹಪ್ಪಳ ಎತ್ತಿದ ಒಂದು ಹೊಸ ಒದ್ದೆ ಗುರುತು. ಅಜ್ಜಿ ಬುಟ್ಟಿಯನ್ನು ನೋಡಿ, ಬಾಗಿಲಿನತ್ತ ತಿರುಗುತ್ತಾಳೆ.
2:23 – ಒಳಗಿನ ಮಂಚ. ಕಂಬಳಿಯ ಕೆಳಗೆ ಬರೀ ದಿಂಬು.
2:25 – ಅಜ್ಜಿಯ ಮುಖ ಹತ್ತಿರದಿಂದ. ಇನ್ನೊಂದು ಗೊರಕೆ, ಈ ಸಲ ಎಡಗಡೆಯಿಂದ. ತಲೆ ಅಲುಗುವುದಿಲ್ಲ, ಕಣ್ಣು ಮಾತ್ರ ಎಡಕ್ಕೆ ಸರಿಯುತ್ತದೆ.
2:28 – ಬೆರ್ಚಪ್ಪ, ಪೂರ್ತಿ ಆಕೃತಿ. ಗೊರಕೆಯ ಜೊತೆಗೆ ಮಡಕೆ ಏರಿ ಇಳಿಯುತ್ತದೆ.
2:32 – ತೋಳಿನೊಳಗಿಂದ ಅರ್ಧ ತಿಂದ ಹಪ್ಪಳ ಜಾರಿ ಬೀಳುತ್ತದೆ.

ಇಲ್ಲಿ ಅಜ್ಜನ ಮುಖ ಒಮ್ಮೆಯೂ ಕಾಣುವುದಿಲ್ಲ ಎಂಬುದನ್ನು ಗಮನಿಸಿ. ಮುಖ ತೋರಿಸಿದರೆ ನಾವು ಉತ್ತರ ಹೇಳಿದಂತಾಗುತ್ತದೆ; ಮಡಕೆ ಏರಿ ಇಳಿದರೆ ಉತ್ತರವನ್ನು ನೋಡುಗರೇ ಹುಡುಕಿಕೊಳ್ಳುತ್ತಾರೆ. ಅವರಿಗೆ ಅಜ್ಜಿಗಿಂತ ಒಂದು ಕ್ಷಣ ಮೊದಲು, 2:25ರ ಶಾಟಿನಲ್ಲಿ, ವಿಷಯ ಹೊಳೆಯಬೇಕು ಎಂಬುದು ನನ್ನ ಲೆಕ್ಕ. ಅದಕ್ಕಿಂತ ಐದು ಸೆಕೆಂಡು ಮುಂಚೆ ಹೊಳೆದರೆ ಅಜ್ಜಿ ದಡ್ಡಿಯಂತೆ ಕಾಣುತ್ತಾಳೆ, ಉಳಿದ ಶಾಟುಗಳು ಎಳೆದಾಟವಾಗುತ್ತವೆ.

2:10ರಿಂದ 2:16ರವರೆಗಿನ 6 ಸೆಕೆಂಡಿನ ಮೌನಕ್ಕೆ ಯಾರಾದರೂ ಕತ್ತರಿ ಹಾಕಲು ಬಂದೇ ಬರುತ್ತಾರೆ. ಸೆಕೆಂಡಿಗೆ 24 ಫ್ರೇಮಿನಂತೆ ಅದು 144 ಫ್ರೇಮು. ಕಾಗದದ ಮೇಲೆ ವ್ಯರ್ಥವೆನಿಸುತ್ತದೆ. ಬುಟ್ಟಿ ಬಿದ್ದಾಗ ಹುಟ್ಟಿದ ನಗು ಅಡಗಬೇಕು, ಇಲ್ಲದಿದ್ದರೆ ಮೊದಲ ಗೊರಕೆ ಅದರಲ್ಲೇ ಮುಳುಗಿಹೋಗುತ್ತದೆ. ಆದರೆ ಒಂದೇ ಚಿತ್ರವನ್ನು ಅಷ್ಟು ಹೊತ್ತು ಅಲುಗಾಡದೆ ನಿಲ್ಲಿಸಿದರೆ ಫೈಲ್ ಸಿಕ್ಕಿಕೊಂಡಿತೆಂದು ಜನ ಭಾವಿಸುತ್ತಾರೆ. ಹಾಗಾಗಿ ಸ್ಕ್ರಿಪ್ಟಿನಲ್ಲೇ ಬರೆದೆ: ಅಜ್ಜಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾಳೆ, ಒಮ್ಮೆ ಕಣ್ಣು ಮಿಟುಕಿಸುತ್ತಾಳೆ, ಸಿ.ಡಿ. ಗಾಳಿಗೆ ಮೆಲ್ಲನೆ ತಿರುಗುತ್ತದೆ. ಹಿನ್ನೆಲೆ ಸಂಗೀತ ಬೇಡವೆಂದೂ ಬರೆದೆ. ಇದನ್ನು ಬರೆಯದೆ ಬಿಟ್ಟರೆ ಸಂಗೀತ ಮಾಡುವವರು ಆ ಖಾಲಿ ಜಾಗವನ್ನು ಪ್ರೀತಿಯಿಂದ ತುಂಬಿಬಿಡುತ್ತಾರೆ.

ಎರಡನೆಯ ಅನಿಮ್ಯಾಟಿಕ್ಕನ್ನು ಮೊದಲಿನದನ್ನು ನೋಡದವರಿಗೇ ತೋರಿಸಿದೆ. ಪರದೆಯ ಬದಲು ಅವರ ಮುಖ ನೋಡುತ್ತ ಕೂತೆ, ನಗು ಬಂದ ಸಮಯವನ್ನು ಬರೆದುಕೊಂಡೆ. ನಗು 2:26ರಿಂದ 2:30ರ ನಡುವೆ ಶುರುವಾಯಿತು, ಒಬ್ಬರದ್ದು ಮಾತ್ರ ಹಪ್ಪಳ ಬಿದ್ದ ಮೇಲೆ. ನಗು 2:19ಕ್ಕೇ ಬಂದಿದ್ದರೆ ಬಿತ್ತಿದ್ದು ಹೆಚ್ಚಾಯಿತೆಂದು ಒಂದು ಗೊರಕೆಯನ್ನು ಕಡಿಮೆ ಮಾಡುತ್ತಿದ್ದೆ. ಹೆಸರುಗಳ ಹೊತ್ತಿಗೆ ಬಂದಿದ್ದರೆ ದಿಂಬಿನ ಶಾಟನ್ನು ಇನ್ನೊಂದು ಸೆಕೆಂಡು ಹಿಡಿಯುತ್ತಿದ್ದೆ. "ಅದು ಯಾರು?" ಎಂದು ಕೇಳಿದ್ದರೆ ಮಾತ್ರ ಕೊನೆಯನ್ನು ಮುಟ್ಟದೆ, ಅಜ್ಜ ಕೈಗೆ ಬಡಿಸಿಕೊಳ್ಳುವ ಮೊದಲ ಅರ್ಧ ನಿಮಿಷವನ್ನು ತಿದ್ದುತ್ತಿದ್ದೆ.

ಉಳಿದ 16 ಸೆಕೆಂಡಿನಲ್ಲಿ ಹೊಸ ಸಂಗತಿ ಏನನ್ನೂ ತರಬಾರದು ಎಂಬುದೊಂದೇ ನಿಯಮ ಇಟ್ಟುಕೊಂಡೆ. ಮೂರು ನಿಮಿಷದ ಚಿತ್ರ ಎರಡನೆಯ ತಿರುವನ್ನು ಹೊರಲಾರದು. ಮೊದಲ ಎರಡು ಸೆಕೆಂಡು ಜನ ಇನ್ನೂ ನಗುತ್ತಿರುವುದರಿಂದ ಅಲ್ಲಿ ಅಜ್ಜಿ ಸುಮ್ಮನೆ ಎದ್ದು ನಿಲ್ಲುತ್ತಾಳೆ, ಅಷ್ಟೇ. ಆಮೇಲೆ ಬೈಯುವುದಿಲ್ಲ, ಕೋಲು ಎತ್ತುವುದಿಲ್ಲ. ಬುಟ್ಟಿಯನ್ನು ಎತ್ತಿ ಕಾಗೆಯನ್ನು ಬಿಡುತ್ತಾಳೆ, ಅದರ ಮುಂದೆ ಒಂದು ಹಪ್ಪಳ ಇಡುತ್ತಾಳೆ, ಬೆರ್ಚಪ್ಪನ ಕಡೆಗೆ ಗಲ್ಲದಿಂದ ಸನ್ನೆ ಮಾಡುತ್ತಾಳೆ. ಕಾಗೆ ಹಾರಿ ಹೋಗಿ ಮಡಕೆಯ ಮೇಲೆ ಕೂತು ಕೊಕ್ಕಿನಿಂದ ಒಮ್ಮೆ "ಟಕ್" ಎಂದು ಕುಕ್ಕುತ್ತದೆ. ಗೊರಕೆ ನಿಲ್ಲುತ್ತದೆ. ಎರಡನೆಯ "ಟಕ್" ಕೇಳುವ ಹೊತ್ತಿಗೆ ಪರದೆ ಕಪ್ಪಾಗಿರುತ್ತದೆ.