‘ಲೆಟರ್ ಬರೆಯೋದು ನಾನೇ ಅಲ್ವಾ?’

(ಆಪ್ತಸಲಹೆಗೆ ಬಂದಿದ್ದ ಯುವತಿಯ ಒಪ್ಪಿಗೆ ಪಡೆದು ಬರೆದದ್ದು. ಹೆಸರನ್ನೂ ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ.)

ಮೇಘ ಮೊದಲ ದಿನ ನನ್ನ ಬಳಿ ಬಂದಿದ್ದು ನಿದ್ದೆಯ ತೊಂದರೆಗೆ. ರಾತ್ರಿ ನಾಲ್ಕು ಗಂಟೆಗಿಂತ ಹೆಚ್ಚು ನಿದ್ದೆ ಇಲ್ಲ, ಭಾನುವಾರ ಸಂಜೆಯಾದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ, ಫೋನಿನ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ. ವಯಸ್ಸು ಇಪ್ಪತ್ತೆರಡು. ವಾಸ್ತುಶಿಲ್ಪ ಓದುತ್ತಿದ್ದಳು, ಕೋರ್ಸಿನ ಭಾಗವಾಗಿ ಒಂದು ಕಚೇರಿಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್. ಆಗ ನಾಲ್ಕನೇ ತಿಂಗಳು ನಡೆಯುತ್ತಿತ್ತು.

“ನನಗೆ ಈ ಕೆಲಸಕ್ಕೆ ಬೇಕಾದಷ್ಟು ಶಕ್ತಿ ಇಲ್ಲ ಅನ್ಸತ್ತೆ ಮೇಡಂ. ಬೇರೆಯವರೆಲ್ಲ ಮಾಡ್ತಾರೆ, ನನಗೇ ಆಗ್ತಿಲ್ಲ.”

ಊಟ ಸೇರುತ್ತದೆಯೇ, ಬದುಕೇ ಬೇಡ ಅನ್ನಿಸಿದ್ದುಂಟೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಅನ್ನಿಸಿರಲಿಲ್ಲ. ಉಂಟು ಎಂದಿದ್ದರೆ ಕಚೇರಿಯ ಮಾತನ್ನೆಲ್ಲ ಬದಿಗಿಟ್ಟು ಮೊದಲು ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಆಮೇಲೆ ಹಿಂದಿನ ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದಿರಿ, ಹೇಳಿ ಎಂದೆ. ಹೇಳುತ್ತಾ ಹೋದಳು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ದಿನ ರಾತ್ರಿ ಎಂಟೂವರೆಯಾದರೂ ಮುಗಿದಿರಲಿಲ್ಲ. ಇದನ್ನು ಮಾಡುವ ಶಕ್ತಿ ತನಗಿಲ್ಲ ಎಂದು ಆಕೆ ತನ್ನನ್ನೇ ದೂರಿಕೊಳ್ಳುತ್ತಿದ್ದಳು.

ಸೇರುವಾಗ ಕೊಟ್ಟಿದ್ದ ಪತ್ರವನ್ನು ಮುಂದಿನ ಸಲ ತರಲು ಹೇಳಿದೆ. ಜೊತೆಗೆ ಎರಡು ವಾರ ಒಂದು ಡೈರಿ ಇಡಲು ಹೇಳಿದೆ. ಅದರಲ್ಲಿ ಮನಸ್ಸಿನ ಮಾತು ಬೇಡ. ಬಂದ ಹೊತ್ತು, ಹೊರಟ ಹೊತ್ತು, ಮಾಡಿದ ಕೆಲಸ, ಆ ಕೆಲಸ ಹೇಳಿದವರು ಯಾರು, ಇಷ್ಟು ಸಾಕು. ಅವತ್ತಿನದು ಅವತ್ತೇ, ತನ್ನದೇ ಪುಸ್ತಕದಲ್ಲಿ, ಕೈಯಲ್ಲಿ ಬರೆಯಬೇಕು. ಕಚೇರಿಯ ಕಂಪ್ಯೂಟರಿನಲ್ಲಿ ಬರೆದರೆ ಬಿಡುವ ದಿನ ಅದು ಕೈಗೆ ಸಿಗದೆ ಹೋಗಬಹುದು. ವಾರದ ಕೊನೆಗೆ ನೆನಪಿನಿಂದ ಬರೆದ ಡೈರಿಯನ್ನು ಯಾರೂ ನಂಬುವುದಿಲ್ಲ. ಬರೆದವರಿಗೇ ಅದರ ಮೇಲೆ ನಂಬಿಕೆ ಉಳಿಯುವುದಿಲ್ಲ.

ಎರಡನೇ ಭೇಟಿಯಲ್ಲಿ ಪತ್ರವನ್ನೂ ಡೈರಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕೂತೆವು. ಪತ್ರದಲ್ಲಿದ್ದದ್ದು ವಾರಕ್ಕೆ 30 ಗಂಟೆ, ‘ಹಿರಿಯರ ಮಾರ್ಗದರ್ಶನದಲ್ಲಿ ಕಲಿಕೆ’. ಡೈರಿಯ ಸರಾಸರಿ 54 ಗಂಟೆ. ಅದರಲ್ಲಿ 38 ಗಂಟೆ ವರ್ಕಿಂಗ್ ಡ್ರಾಯಿಂಗ್, ಅಂದರೆ ಗುತ್ತಿಗೆದಾರರ ಕೈಗೆ ಹೋಗಿ ಕಟ್ಟಡವಾಗುವ ನಕ್ಷೆಗಳು. 12 ಗಂಟೆ ಸೈಟ್ ಸಭೆಯ ಟಿಪ್ಪಣಿ, ಪ್ರಿಂಟ್, ಗ್ರಾಹಕರ ಫೋನು. ಯಾರಾದರೂ ಪಕ್ಕದಲ್ಲಿ ಕೂತು ಇದು ಹೀಗೇಕೆ ಎಂದು ಹೇಳಿಕೊಟ್ಟದ್ದು ಉಳಿದ 4 ಗಂಟೆ.

ಇನ್ನೂ ಒಂದು ಲೆಕ್ಕ ಹಾಕಿದೆವು. ಅದೇ ಕಚೇರಿಯಲ್ಲಿ ಅದೇ ನಕ್ಷೆ ಬರೆಯುವ ಕಿರಿಯ ನೌಕರರ ಸಂಬಳದ ಕಾಲು ಭಾಗ ಇವಳ ಸ್ಟೈಪೆಂಡ್. ಕಲಿಯುವವಳಿಗೆ ಕಾಲು ಭಾಗ ಸರಿಯೇ ಎಂದು ಆಕೆ ಅಂದುಕೊಂಡಿದ್ದಳು. ಆದರೆ ಅವರು ಕೂರುವುದು ವಾರಕ್ಕೆ 45 ಗಂಟೆ, ಇವಳು 54. ಗಂಟೆಗೆ ಬಿಡಿಸಿ ನೋಡಿದರೆ ಇವಳ ಕೈಗೆ ಬರುತ್ತಿದ್ದದ್ದು ಅವರದರ ಸುಮಾರು ಐದನೇ ಒಂದು ಭಾಗ. ಆ ಹಿಂದೆ ಅಲ್ಲಿದ್ದ ಒಬ್ಬ ನೌಕರ ಬಿಟ್ಟು ಹೋದ ಮೇಲೆ ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿರಲಿಲ್ಲ. ಆ ಕುರ್ಚಿಯಲ್ಲಿ ಈಗ ಕೂರುತ್ತಿದ್ದವಳು ಮೇಘಳೇ.

ಇಂಥ ಪ್ರಕರಣಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ನಾಳೆ ಈ ಇಂಟರ್ನ್ ಬರದೇ ಹೋದರೆ ಕಚೇರಿಯ ಕೆಲಸ ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದಾದರೆ ಅದು ಕಲಿಕೆಯಲ್ಲ, ದುಡಿಮೆ. ಇಂಟರ್ನ್‌ಶಿಪ್ಪನ್ನು ಅಗ್ಗದ ದುಡಿಮೆಗೂ ಇರುವ ಕೆಲಸಗಾರರ ಬದಲಿಗೂ ಬಳಸಿಕೊಳ್ಳುವ ಅಪಾಯವಿದೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಯುವಜನರ ಉದ್ಯೋಗ ಕುರಿತ 2012ರ ನಿರ್ಣಯದಲ್ಲೇ ಹೇಳಿದೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಆದರೂ ಪತ್ರದಲ್ಲಿ ‘ಇಂಟರ್ನ್’ ಎಂದು ಬರೆದಿದ್ದಾರೆ ಎಂಬುದೊಂದರಿಂದಲೇ ಮಾಡಿದ ಕೆಲಸ ಕೆಲಸವಲ್ಲದೆ ಹೋಗುವುದಿಲ್ಲ ಎಂಬ ನಿಲುವು ಹಲವು ಕಡೆ ಇದೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅಂಕಿಗಳನ್ನು ನೋಡಿ ನನಗೇ ಸಿಟ್ಟು ಬಂದಿತ್ತು. “ಇದನ್ನ ನೀವು ಕಾಲೇಜಿಗೆ ತಿಳಿಸಲೇಬೇಕು” ಎಂದುಬಿಟ್ಟೆ. ಮೇಘ ತಲೆಯಾಡಿಸಿ ಹೋದಳು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರ ಬಂದವಳು ಕೂರುವ ಮೊದಲೇ ಹೇಳಿದಳು: “ಅಲ್ಲಿ ಬಾಯಿ ಬಿಡಬೇಡ ಅಂತಾರೆ, ಇಲ್ಲಿ ಬಾಯಿ ಬಿಡು ಅಂತೀರಿ. ನನ್ನನ್ನ ಯಾರೂ ಕೇಳ್ತಿಲ್ಲ.”

ಆಕೆಯ ಮಾತು ಸರಿಯಾಗಿತ್ತು. ಕ್ಷಮೆ ಕೇಳಿದೆ. ನಾನು ಕೇಳಬೇಕಾಗಿದ್ದದ್ದು ಆಕೆಗೆ ಏನನ್ನು ಕಳೆದುಕೊಳ್ಳುವ ಭಯ ಎಂದು.

ಭಯ ರೆಫರೆನ್ಸಿನದು. ತಿಂಗಳ ಹಿಂದೆ ಕಾಲೇಜಿನಿಂದ ಒಂದು ಮೌಲ್ಯಮಾಪನ ಫಾರಂ ಬಂದಿತ್ತು. ಕೆಲಸದ ಅವಧಿ, ಮಾರ್ಗದರ್ಶನ, ತೊಂದರೆಗಳು ಎಂದೆಲ್ಲ ಕಾಲಂ. ಕಚೇರಿಯ ಮುಖ್ಯಸ್ಥರು ಅವಳ ಮೇಜಿನ ಪಕ್ಕ ನಿಂತು ಹೇಳಿದ್ದರಂತೆ: “ನಮ್ಮ ಕ್ಷೇತ್ರ ಚಿಕ್ಕದಮ್ಮ. ಎಲ್ಲರಿಗೂ ಎಲ್ಲರೂ ಗೊತ್ತು. ಕೊನೆಗೆ ಲೆಟರ್ ಬರೆಯೋದು ನಾನೇ ಅಲ್ವಾ?” ದನಿ ಎತ್ತಿರಲಿಲ್ಲ, ನಗುತ್ತಲೇ ಹೇಳಿದ್ದರು. ಮೇಘ ಎಲ್ಲ ಕಾಲಂಗೂ ‘ತೃಪ್ತಿಕರ’ ಎಂದು ಬರೆದು ಕಳಿಸಿದ್ದಳು. ನಿದ್ದೆ ಕೆಟ್ಟದ್ದು ಆ ವಾರದಿಂದ. ದಣಿವು ಮೊದಲೂ ಇತ್ತು. ಸುಳ್ಳು ಬರೆದ ಮೇಲೆ ಅದರ ಜೊತೆ ತಾನೂ ಇದರಲ್ಲಿ ಪಾಲುದಾರಳು ಎಂಬ ನಾಚಿಕೆ ಸೇರಿಕೊಂಡಿತ್ತು.

ಮೂರನೇ ಭೇಟಿ ಪೂರ್ತಿ ಆ ‘ಲೆಟರ್’ ಎಂಬುದನ್ನು ಬಿಡಿಸಿ ನೋಡಿದೆವು. ಆಕೆಯ ಮನಸ್ಸಿನಲ್ಲಿ ಅದು ಒಂದೇ ಒಂದು ಕಾಗದ, ಒಬ್ಬರ ಕೈಯಲ್ಲಿರುವಂಥದ್ದು. ಹೊರಗಿನ ವಾಸ್ತವ ಹಾಗಿಲ್ಲ. ಅನುಭವ ಪತ್ರ ಬೇರೆ, ಶಿಫಾರಸು ಬೇರೆ. ಅನುಭವ ಪತ್ರ ಹೇಳುವುದು ಯಾವ ದಿನದಿಂದ ಯಾವ ದಿನದವರೆಗೆ, ಯಾವ ಹೊಣೆಯಲ್ಲಿ ಇದ್ದರು ಎಂಬ ಸಂಗತಿಯನ್ನು. ಅದಕ್ಕೆ ಯಾರ ಮೆಚ್ಚುಗೆಯೂ ಬೇಕಿಲ್ಲ. ಕಾಲೇಜೇ ಕಳಿಸಿದ ಇಂಟರ್ನ್‌ಶಿಪ್ ಆದ್ದರಿಂದ ಕಾಲೇಜಿನ ಕಡತದಲ್ಲೂ ಆ ತಾರೀಕುಗಳು ಇರುತ್ತವೆ. ಮುಂದೆ ಕೆಲಸ ಕೊಡುವವರು ವಿಚಾರಿಸುವಾಗ ಹಲವರು ಕೇಳುವುದೂ ಅಷ್ಟನ್ನೇ. ಶಿಫಾರಸು ಎಂಬುದು ಅಭಿಪ್ರಾಯ. ಅದನ್ನು ಹೇಳಲು ಅಧಿಕಾರಕ್ಕಿಂತ ಹೆಚ್ಚಾಗಿ ನಿಮ್ಮ ಕೆಲಸ ಕಂಡಿರಬೇಕು.

“ನಿಮ್ಮ ಡ್ರಾಯಿಂಗ್ ತಿದ್ದಿದವರು ಯಾರು?” ಎಂದೆ.

ಮುಖ್ಯಸ್ಥರಲ್ಲ. ನಾಲ್ಕು ತಿಂಗಳಲ್ಲಿ ಅವರು ಆಕೆಯ ನಕ್ಷೆಯನ್ನು ಎರಡು ಸಲ ನೋಡಿರಬೇಕು. ಪ್ರತಿ ಹಾಳೆಗೆ ಕೆಂಪು ಶಾಯಿ ಹಾಕಿ ವಾಪಸ್ ಕೊಡುತ್ತಿದ್ದವರು ಒಬ್ಬ ಹಿರಿಯ ಸಹೋದ್ಯೋಗಿ. ಸೈಟಿನಲ್ಲಿ ಅನುಮಾನ ಬಂದಾಗಲೆಲ್ಲ ಇವಳಿಗೇ ಫೋನ್ ಮಾಡುತ್ತಿದ್ದವರು ಒಬ್ಬ ಸೈಟ್ ಎಂಜಿನಿಯರ್. ಕಾಲೇಜಿನಲ್ಲಿ ಸ್ಟುಡಿಯೋ ತರಗತಿ ತೆಗೆದುಕೊಂಡ ಮೇಷ್ಟ್ರು. ಮೂರು ಹೆಸರು ಬರೆದಳು. ಇನ್ನೊಂದನ್ನು ಆಕೆಯೇ ನೆನಪಿಸಿಕೊಂಡಳು: ಹಾಳೆಯ ಮೂಲೆಯ ಟೈಟಲ್ ಬ್ಲಾಕಿನಲ್ಲಿ ‘ಬರೆದವರು’ ಎಂಬಲ್ಲಿ ತನ್ನ ಹೆಸರಿನ ಮೊದಲಕ್ಷರವೂ ತಾರೀಕೂ ಇವೆ ಎಂದು. ಮುಖ್ಯಸ್ಥರು ಏನೇ ಅಂದರೂ ಅಚ್ಚಾಗಿ ಸೈಟಿಗೆ ಹೋದ ಆ ಹಾಳೆಗಳು ಬದಲಾಗುವುದಿಲ್ಲ.

ಇಷ್ಟಾದರೂ ಒಂದು ಮಿತಿಯನ್ನು ಮುಚ್ಚಿಡಲಿಲ್ಲ. ಮುಖ್ಯಸ್ಥರು ಬೇಕೆಂದರೆ ಕೆಟ್ಟ ಮಾತು ಆಡಬಲ್ಲರು. ಅದನ್ನು ತಡೆಯುವ ಉಪಾಯ ನನ್ನ ಬಳಿ ಇರಲಿಲ್ಲ. ಅವರೊಬ್ಬರ ಮಾತೇ ಏಕೈಕ ಮಾತಾಗದಂತೆ ನೋಡಿಕೊಳ್ಳುವುದಷ್ಟೇ ಸಾಧ್ಯ.

ಆ ಹಿರಿಯರನ್ನು ಕಚೇರಿ ಬಿಡುವ ದಿನ ಕೇಳುವುದು ಬೇಡ, ಕೆಲಸ ಅವರ ಕಣ್ಣ ಮುಂದಿರುವಾಗಲೇ ಕೇಳಿ ಎಂದೆ. “ರೆಫರೆನ್ಸ್ ಕೊಡ್ತೀರಾ” ಎಂದರೆ ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತಾರೆ. “ನನ್ನ ಕೆಲಸದ ಬಗ್ಗೆ ಮನಸ್ಸಿಟ್ಟು ನಾಲ್ಕು ಒಳ್ಳೆ ಮಾತು ಹೇಳೋಕೆ ಆಗತ್ತಾ” ಎಂದು ಕೇಳಬೇಕು. ಅವರು ತಡವರಿಸಿದರೆ ಆ ಹೆಸರನ್ನು ಬಿಟ್ಟುಬಿಡಬೇಕು. ಹೂಂ ಎಂದರೆ ತಾನು ಮಾಡಿದ ಕೆಲಸಗಳ ಅರ್ಧ ಪುಟದ ಪಟ್ಟಿ ಕೊಡಬೇಕು, ವರ್ಷದ ಮೇಲೆ ಯಾರಾದರೂ ಫೋನ್ ಮಾಡಿದಾಗ ಅವರಿಗೆ ನೆನಪಾಗಲು. ನಕ್ಷೆಗಳನ್ನು ಗುಟ್ಟಾಗಿ ಪೆನ್ ಡ್ರೈವಿಗೆ ಹಾಕಿಕೊಳ್ಳುವುದು ಮಾತ್ರ ಬೇಡವೇ ಬೇಡ ಎಂದು ಒತ್ತಿ ಹೇಳಿದೆ. ಅವು ಕಚೇರಿಯ, ಗ್ರಾಹಕರ ಆಸ್ತಿ. ಅದೊಂದು ತಪ್ಪಿನಿಂದ ದೂರು ಇವಳ ಮೇಲೆಯೇ ತಿರುಗುತ್ತದೆ. ಪೋರ್ಟ್‌ಫೋಲಿಯೋಗೆ ಯಾವ ಹಾಳೆ ಬಳಸಬಹುದು ಎಂದು ಇಮೇಲಿನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಬೇಕು.

ನಾಲ್ಕನೇ ಭೇಟಿಗೆ ಬರುವಾಗ ಆಕೆ ನಿರ್ಧಾರ ಮಾಡಿಕೊಂಡೇ ಬಂದಿದ್ದಳು. ಹಳೆಯ ದುಡ್ಡು ಕೇಳುವುದಿಲ್ಲ, ಗಂಟೆ ಕಡಿಮೆ ಮಾಡಿ ಎಂದು ಕೇಳುತ್ತೇನೆ ಎಂದಳು. ನನ್ನ ಮನಸ್ಸಿಗೆ ಅದು ಸಾಲದು ಅನ್ನಿಸಿತು, ಆದರೆ ಈ ಸಲ ಬಾಯಿ ಮುಚ್ಚಿಕೊಂಡೆ. ಒಂದೇ ಮಾತು ತಿಳಿಸಿದೆ: ಬಾಕಿ ವೇತನದ ದೂರಿಗೆ ಸಾಮಾನ್ಯವಾಗಿ ಕಾಲಮಿತಿ ಇರುತ್ತದೆ, ಹಾಗಾಗಿ ಬೇಡ ಎನ್ನುವ ಮೊದಲು ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಒಮ್ಮೆ ಕಾಣಿ, ಅದು ನನ್ನ ವಿಷಯವಲ್ಲ ಎಂದು.

ನಾನು ಮುಖ್ಯಸ್ಥರಾದೆ, ಆಕೆ ಮಾತು ಅಭ್ಯಾಸ ಮಾಡಿದಳು. ಮೊದಲ ಸಲ ಐದು ನಿಮಿಷದ ಪೀಠಿಕೆ, ಮೂರು ಸಲ ‘ಸಾರಿ ಸರ್’. ಅದನ್ನೆಲ್ಲ ಕತ್ತರಿಸುತ್ತಾ ಬಂದು ಕೊನೆಗೆ ಉಳಿದದ್ದು ಇಷ್ಟು: “ಸರ್, ಸೇರುವಾಗ ಕೊಟ್ಟ ಪತ್ರದಲ್ಲಿ ವಾರಕ್ಕೆ 30 ಗಂಟೆ ಇದೆ. ಈಗ 54 ಆಗ್ತಿದೆ. ಮುಂದಿನ ವಾರದಿಂದ ನಾನು 35 ಗಂಟೆವರೆಗೆ ಇರಬಲ್ಲೆ. ಅಷ್ಟರಲ್ಲಿ ಯಾವ ಕೆಲಸ ಮೊದಲು ಮುಗಿಸಲಿ ಹೇಳಿ.” ಲೆಟರಿನ ಮಾತು ಬಂದೇ ಬರುತ್ತದೆ ಎಂದು ಅದಕ್ಕೂ ಉತ್ತರ ಇಟ್ಟುಕೊಂಡೆವು: “ಅದನ್ನ ಬೇರೆ ಮಾತಾಡೋಣ ಸರ್, ಈಗ ಗಂಟೆ ವಿಷಯ ಮುಗಿಸೋಣ.” ಮಾತಾದ ದಿನವೇ, ಆಡಿದ್ದನ್ನು ನಾಲ್ಕು ಸಾಲಿನ ಇಮೇಲ್ ಮಾಡಬೇಕು. ಅದರಲ್ಲಿ ಆರೋಪ ಇರಬಾರದು.

ಲೆಟರಿನ ಮಾತು ಬಂತು, ಜೋರಾಗಿಯೇ ಬಂತು. ಮೇಘ ಕಲಿತ ಉತ್ತರವನ್ನು ಹೇಳಿದಳಂತೆ, ದನಿ ನಡುಗಿತಂತೆ. ಎರಡು ವಾರ ಗಂಟೆಗಳು 38ರ ಆಸುಪಾಸಿಗೆ ಇಳಿದವು. ಮೂರನೇ ವಾರ ಒಂದು ತುರ್ತು ಸಲ್ಲಿಕೆ ಬಂತು, ಮತ್ತೆ 50 ದಾಟಿತು. ಹೀಗಾಗುವುದೇ ಹೆಚ್ಚು. ಒಂದು ಮಾತಿಗೆ ಕಚೇರಿಯ ರೂಢಿ ಬದಲಾಗುವುದಿಲ್ಲ.

ಆದರೆ ಈ ಸಲ ಆಕೆ ತನ್ನನ್ನು ದೂರಿಕೊಳ್ಳಲಿಲ್ಲ. ಡೈರಿ ಹಿಡಿದು ತಾನಾಗಿಯೇ ಕಾಲೇಜಿನ ಇಂಟರ್ನ್‌ಶಿಪ್ ಸಂಯೋಜಕರ ಬಳಿ ಹೋದಳು. ಹಿಂದಿನ ಫಾರಂ ತಿದ್ದಲು ಅವಕಾಶ ಕೇಳಿದಳು. ಅಲ್ಲೂ ವಿಶೇಷಣಗಳಿಲ್ಲ, ಗಂಟೆಗಳ ಲೆಕ್ಕ ಮತ್ತು ಮೇಜಿನ ಪಕ್ಕ ನಿಂತು ಆಡಿದ ಮಾತು, ತಾರೀಕಿನ ಸಮೇತ. ಸಂಯೋಜಕರು ಉಳಿದ ಮೂರು ವಾರವನ್ನು ಕಾಲೇಜಿನಲ್ಲೇ ವರದಿ ಬರೆದು ಮುಗಿಸಲು ಒಪ್ಪಿದರು. ಕಚೇರಿಯಿಂದ ಕೊನೆಗೆ ಸಿಕ್ಕಿದ್ದು ಮೂರು ಸಾಲಿನ ಅನುಭವ ಪತ್ರ. ತಾರೀಕುಗಳಿವೆ, ಹೊಗಳಿಕೆ ಇಲ್ಲ. ಕೆಂಪು ಶಾಯಿಯ ಹಿರಿಯರು ರೆಫರೆನ್ಸ್ ಕೊಟ್ಟರು. ಸೈಟ್ ಎಂಜಿನಿಯರ್ ಈ ಗೊಂದಲಕ್ಕೆ ಬರಲು ಇಷ್ಟವಿಲ್ಲ ಎಂದರು. ಹಳೆಯ ಗಂಟೆಗಳ ದುಡ್ಡು ಬರಲಿಲ್ಲ, ಅದನ್ನು ಆಕೆ ಕೇಳಲೂ ಇಲ್ಲ. ನಿದ್ದೆ ಸರಿಹೋಗಲು ಕಚೇರಿ ಬಿಟ್ಟ ಮೇಲೂ ತಿಂಗಳಿಗಿಂತ ಹೆಚ್ಚು ಹಿಡಿಯಿತು.

ಕೊನೆಯ ಭೇಟಿಯಲ್ಲಿ ಆಕೆಯ ಬಳಿ ಒಂದು ಹೊಸ ಪ್ರಶ್ನೆಯಿತ್ತು. ಮುಂದಿನ ತಂಡದ ಹುಡುಗಿಯೊಬ್ಬಳು ಮೆಸೇಜ್ ಮಾಡಿ, ಅದೇ ಕಚೇರಿಯಲ್ಲಿ ಅವಕಾಶ ಸಿಕ್ಕಿದೆ ಅಕ್ಕ, ಹೇಗಿದೆ ಎಂದು ಕೇಳಿದ್ದಳು. “ಏನಂತ ಹೇಳಲಿ ಮೇಡಂ? ಕೆಟ್ಟದಾಗಿ ಹೇಳಿದ್ರೆ ಅವರ ಕಿವಿಗೆ ಬೀಳಬಹುದು.”

ನಿಮ್ಮ ಕೈಯಲ್ಲಿರುವ ಸಂಗತಿ ಯಾವುದು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ತೆಗೆದಳು. ಅಲ್ಲೇ ಕೂತು ಬರೆದಳು: ಪತ್ರದಲ್ಲಿ 30 ಗಂಟೆ, ನನಗೆ ಆದದ್ದು 54, ಹೇಳಿಕೊಟ್ಟದ್ದು 4, ಸೇರುವುದಾದರೆ ಗಂಟೆಯ ಮಿತಿಯನ್ನು ಮೊದಲೇ ಇಮೇಲಿನಲ್ಲಿ ಬರೆಸಿಕೋ, ಡ್ರಾಯಿಂಗ್ ತಿದ್ದುವ ಹಿರಿಯರ ಹತ್ತಿರ ಕೂತು ಕಲಿ. ಕಳಿಸುವ ಮೊದಲು ಒಮ್ಮೆ ನನಗೆ ಓದಿ ಹೇಳಿದಳು. ತಿದ್ದುವಂಥದ್ದು ಏನೂ ಇರಲಿಲ್ಲ.