ಡೈನಿಂಗ್ ಕುರ್ಚಿ ಸೀಟಿನ ಮೂಲೆಗಳಲ್ಲಿ ಬಟ್ಟೆ ಉಂಡೆ ಕಟ್ಟದಂತೆ ಮಡಿಸುವುದು

ಪ್ರಶ್ನೆ: ಡೈನಿಂಗ್ ಕುರ್ಚಿಯ ಸೀಟಿಗೆ ಹೊಸ ಫೋಮ್ ಹಾಕಿ ಬಟ್ಟೆ ಹೊದಿಸಿದೆ. ಮುಂದಿನ ಎರಡೂ ಮೂಲೆಯಲ್ಲಿ ಬಟ್ಟೆ ಉಂಡೆ ಕಟ್ಟಿದೆ, ಅಂಚು ಅಲೆಅಲೆಯಾಗಿದೆ. ಸೀಟು 45 × 42 ಸೆಂ.ಮೀ., 12 ಮಿ.ಮೀ. ಪ್ಲೈವುಡ್, 5 ಸೆಂ.ಮೀ. ಫೋಮ್, ಮೂಲೆಗಳು ಚೌಕ. ಪಿನ್ ಕಿತ್ತು ಮತ್ತೆ ಮಾಡಬೇಕು. ಸರಿಯಾದ ಕ್ರಮ ಯಾವುದು?

ಉತ್ತರ:

ಮೂಲೆ ಕೆಡುವುದು ಹೆಚ್ಚಾಗಿ ಮೂಲೆಯಲ್ಲಲ್ಲ, ಅದಕ್ಕೂ ಮೊದಲು ನಾಲ್ಕು ಬದಿಗಳನ್ನು ಎಳೆದ ರೀತಿಯಲ್ಲಿ. ಒಂದು ತುದಿಯಿಂದ ಪಿನ್ ಹೊಡೆಯುತ್ತಾ ಇನ್ನೊಂದು ತುದಿಗೆ ಹೋದರೆ ಬಟ್ಟೆಯ ಸಡಿಲವೆಲ್ಲ ಮುಂದಕ್ಕೆ ಸರಿದು ಮೂಲೆಯಲ್ಲಿ ಸೇರಿಕೊಳ್ಳುತ್ತದೆ. ಆಮೇಲೆ ಎಷ್ಟು ಚೆನ್ನಾಗಿ ಮಡಿಸಿದರೂ ಅಷ್ಟು ಬಟ್ಟೆಗೆ ಅಲ್ಲಿ ಜಾಗವಿರುವುದಿಲ್ಲ.

ಮೊದಲು ಬಟ್ಟೆಯ ಅಳತೆ. ಸೀಟಿನ ಅಗಲಕ್ಕೆ ಎರಡೂ ಬದಿಯ ಫೋಮ್, ಹಲಗೆಯ ದಪ್ಪ ಮತ್ತು ಅಡಿಗೆ ಮಡಚಿ ಹಿಡಿದೆಳೆಯಲು 6 ಸೆಂ.ಮೀ. ಸೇರಿಸಬೇಕು. ನಿಮ್ಮ ಸೀಟಿಗೆ ಒಂದು ಬದಿಗೆ 5 + 1.2 + 6, ಅಂದರೆ 12.2 ಸೆಂ.ಮೀ. ಎರಡು ಬದಿಗೆ 24.4. ಹಾಗಾಗಿ ಸುಮಾರು 70 × 67 ಸೆಂ.ಮೀ. ತುಂಡು ಬೇಕು. ಬಟ್ಟೆಯ ಅಗಲ 137 ಸೆಂ.ಮೀ. ಇದ್ದರೆ 70ರ ಎರಡು ತುಂಡು ಪಕ್ಕಪಕ್ಕ ಕೂರುವುದಿಲ್ಲ. ಬಣ್ಣ ಒಂದೇ ಆಗಿದ್ದರೆ ತುಂಡನ್ನು ಅಡ್ಡ ತಿರುಗಿಸಿ, 67ರ ಎರಡು ಕೂರುತ್ತವೆ. ಮೇಲು ಕೆಳಗು ಇರುವ ಚಿತ್ತಾರವಾದರೆ ತಿರುಗಿಸುವಂತಿಲ್ಲ, ಆಗ ಹಿಡಿದೆಳೆಯುವ ಭಾಗವನ್ನು 5 ಸೆಂ.ಮೀ.ಗೆ ಇಳಿಸಿ. ಅದಕ್ಕಿಂತ ಕಡಿಮೆ ಮಾಡಿದರೆ ಬೆರಳಿಗೆ ಹಿಡಿತ ಸಿಗುವುದಿಲ್ಲ.

ಫೋಮನ್ನು ಹಲಗೆಗಿಂತ ಪ್ರತಿ ಬದಿಗೂ 5 ಮಿ.ಮೀ. ದೊಡ್ಡದಾಗಿ ಕತ್ತರಿಸಿ. ಬಟ್ಟೆ ಎಳೆದಾಗ ಆ ಹೆಚ್ಚುವರಿ ಭಾಗ ಒತ್ತಿಕೊಂಡು ಹಲಗೆಯ ಗಡುಸು ಅಂಚನ್ನು ಮುಚ್ಚುತ್ತದೆ. ಹಲಗೆಯಷ್ಟೇ ಅಳತೆಗೆ ಕತ್ತರಿಸಿದರೆ ಸ್ವಲ್ಪ ದಿನದಲ್ಲೇ ಅಂಚಿನ ಗೆರೆ ಬಟ್ಟೆಯ ಮೇಲೆ ಮೂಡುತ್ತದೆ. ಫೋಮನ್ನು ಹಲಗೆಯ ನಡುಭಾಗಕ್ಕೆ ಮಾತ್ರ ತೆಳ್ಳಗೆ ಅಂಟಿಸಿ; ಅಂಚಿನಲ್ಲಿ ಅಂಟು ಒಣಗಿ ಗಟ್ಟಿಯಾದರೆ ಕೈಗೆ ಗಂಟುಗಂಟಾಗಿ ಸಿಗುತ್ತದೆ. ಫೋಮ್ ಮೇಲೆ ಒಂದು ಪದರ ಪಾಲಿಯೆಸ್ಟರ್ ಹತ್ತಿ ಹಾಸುವುದನ್ನು ನಾನು ಎಂದೂ ಬಿಡುವುದಿಲ್ಲ. ಬಟ್ಟೆ ಫೋಮ್ ಮೇಲೆ ನೇರವಾಗಿ ಜಾರದೆ ಅಂಟಿಕೊಂಡಂತೆ ನಿಲ್ಲುತ್ತದೆ, ಹತ್ತಿಯ ಮೇಲಾದರೆ ಸಲೀಸಾಗಿ ಸರಿಯುತ್ತದೆ. ಆದರೆ ಹತ್ತಿ ಹಲಗೆಯ ಕೆಳ ಅಂಚಿಗೇ ಮುಗಿಯಬೇಕು. ಅಡಿಗೆ ಮಡಚಿದರೆ ಮೂಲೆಯಲ್ಲಿ ದಪ್ಪವಾಗಿ ಸೀಟು ಚೌಕಟ್ಟಿನ ಮೇಲೆ ಅಲುಗಾಡುತ್ತದೆ.

ಇನ್ನು ಎಳೆಯುವ ಕ್ರಮ. ಹಲಗೆಯ ಅಡಿಯಲ್ಲಿ ನಾಲ್ಕೂ ಬದಿಯ ನಡುವನ್ನು ಸೀಮೆಸುಣ್ಣದಿಂದ ಗುರುತಿಸಿ, ಬಟ್ಟೆಯ ನಾಲ್ಕು ಅಂಚಿನ ನಡುವಿಗೂ ಗುರುತು ಹಾಕಿ. ಬಟ್ಟೆಯನ್ನು ಮಗುಚಿ ಹಾಸಿ, ಅದರ ಮೇಲೆ ಸೀಟನ್ನು ಬೋರಲಾಗಿಟ್ಟು ಗುರುತುಗಳನ್ನು ಕೂಡಿಸಿ. ಹಿಂದಿನ ನಡುವಿಗೆ ಒಂದು ಪಿನ್. ಅಂಗೈಯಿಂದ ಹಲಗೆಯನ್ನು ಒತ್ತಿ, ಫೋಮ್ ಸ್ವಲ್ಪ ಕುಗ್ಗಿದಾಗ ಮುಂದಿನ ನಡುವನ್ನು ಎಳೆದು ಇನ್ನೊಂದು ಪಿನ್. ಹಾಗೆಯೇ ಎಡ, ಬಲ. ಈ ನಾಲ್ಕನ್ನೂ ಸ್ಟೇಪಲ್ ಗನ್ ಕೊಂಚ ಓರೆ ಹಿಡಿದು ಹೊಡೆಯಿರಿ; ಪಿನ್ನಿನ ಒಂದು ಪಕ್ಕ ಮೇಲೆದ್ದು ನಿಲ್ಲುವುದರಿಂದ ಕೀಳಲು ಸುಲಭ. ಸೀಟನ್ನು ಮೇಲೆ ತಿರುಗಿಸಿ ಎಳೆಗಳು ನೇರವಾಗಿವೆಯೇ ನೋಡಿ. ಓರೆಯಾಗಿದ್ದರೆ ಸರಿಪಡಿಸುವ ಹೊತ್ತು ಇದೇ.

ಆಮೇಲೆ ನಡುವಿನಿಂದ ಎರಡೂ ಕಡೆಗೆ, ಎದುರುಬದುರು ಬದಿಗಳಲ್ಲಿ ಸರದಿಯಂತೆ ಹೋಗಿ. ಅಂಚಿನಿಂದ ಸುಮಾರು 2 ಸೆಂ.ಮೀ. ಒಳಗೆ, 2 ಸೆಂ.ಮೀ.ಗೊಂದು ಪಿನ್, ಅಂಚಿಗೆ ಸಮಾನಾಂತರವಾಗಿ. ಎಳೆತಕ್ಕೆ ಅಡ್ಡಲಾಗಿ ಹೀಗೆ ಕೂತ ಪಿನ್ ಹಲವು ಎಳೆಗಳನ್ನು ಹಿಡಿಯುತ್ತದೆ. ಎಳೆತದ ದಿಕ್ಕಿಗೇ ಕೂತರೆ ಒಂದೆರಡು ಎಳೆ ಮಾತ್ರ ಸಿಕ್ಕಿ ಬಟ್ಟೆ ಹರಿಯುತ್ತದೆ. 12 ಮಿ.ಮೀ. ಹಲಗೆಗೆ 8 ಮಿ.ಮೀ. ಕಾಲಿನ ಪಿನ್ ಸಾಕು. ಪೂರ್ತಿ ಇಳಿಯದೆ ನಿಂತದ್ದನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಿ. ಅಂಚು ಅಲೆಅಲೆಯಾಗುವುದಕ್ಕೆ ಕಾರಣ ಒಂದೊಂದು ಪಿನ್ನಿಗೂ ಬೇರೆ ಬೇರೆ ಬಲದ ಎಳೆತ: ಪಿನ್ ಇರುವಲ್ಲಿ ತಗ್ಗು, ನಡುವೆ ಉಬ್ಬು. ಎರಡು ಬೆರಳಿನಿಂದ ಚಿವುಟಿ ಎಳೆಯದೆ ಅಂಗೈಯಗಲ ಬಟ್ಟೆಯನ್ನು ಒಟ್ಟಿಗೆ ಎಳೆದರೆ ಇದು ಬರುವುದಿಲ್ಲ. ಪ್ರತಿ ಮೂಲೆಗೂ 6 ಸೆಂ.ಮೀ. ಇರುವಾಗಲೇ ನಿಲ್ಲಿಸಿ, ಮಡಿಸಲು ಆ ಬಟ್ಟೆ ಬಿಡುವಾಗಿರಬೇಕು.

ಈಗ ಮೂಲೆ. ಮುಂದಿನ ಎರಡು ಮೂಲೆಗಳಲ್ಲಿ ಮಡಿಕೆಯ ಗೆರೆ ಪಕ್ಕದ ಬದಿಗೆ ಬರಬೇಕು, ಎದುರಿನಿಂದ ನೋಡುವವರಿಗೆ ನಯವಾದ ಸುತ್ತು ಮಾತ್ರ ಕಾಣಬೇಕು. ಅದಕ್ಕಾಗಿ ಮುಂಬದಿಯ ಬಟ್ಟೆಯನ್ನು ಮೂಲೆ ದಾಟಿಸಿ ಪಕ್ಕದ ಬದಿಗೆ ಬಿಗಿಯಾಗಿ ಸುತ್ತಿ, ಪಕ್ಕದ ಬದಿಯ ಅಡಿಯಲ್ಲಿ, ಮೂಲೆಯಿಂದ 2 ಸೆಂ.ಮೀ. ದೂರದಲ್ಲಿ ಪಿನ್ ಹೊಡೆಯಿರಿ. ಈಗ ಪಕ್ಕದ ಬಟ್ಟೆ ಕಿವಿಯಂತೆ ಸಡಿಲವಾಗಿ ನಿಲ್ಲುತ್ತದೆ. ಉಂಡೆಯಾಗುವುದು ಈ ಕಿವಿಯೊಳಗೆ ಸಿಕ್ಕಿಕೊಳ್ಳುವ ಬಟ್ಟೆಯೇ. ಕಿವಿಯನ್ನು ಮಡಚುವ ಮೊದಲು ಒಳಗೆ ಮರೆಯಾಗುವ ಭಾಗವನ್ನು ತ್ರಿಕೋನವಾಗಿ ಕತ್ತರಿಸಿ ತೆಗೆಯಿರಿ, ಮಡಿಕೆಯ ಗೆರೆಯಿಂದ 1.5 ಸೆಂ.ಮೀ. ಉಳಿಸಿ. ಕತ್ತರಿ ಹಲಗೆಯ ಕೆಳ ಅಂಚಿನಿಂದ ಮೇಲಕ್ಕೆ ಹೋಗಬಾರದು, ಹೋದರೆ ಆ ಸೀಳು ಸೀಟಿನ ಬದಿಯಲ್ಲಿ ಕಾಣುತ್ತದೆ. ನಂಬಿಕೆ ಇಲ್ಲದಿದ್ದರೆ ಕತ್ತರಿಸುವ ಮೊದಲು ಒಮ್ಮೆ ಹಾಗೆಯೇ ಮಡಿಸಿ, ಸೀಮೆಸುಣ್ಣದಿಂದ ಗುರುತಿಸಿಕೊಳ್ಳಿ.

ಬಳಿಕ ಅಂಚನ್ನು ಒಳಗೆ ತಿರುಗಿಸಿ, ಮಡಿಕೆಯ ಗೆರೆ ಸರಿಯಾಗಿ ಮೂಲೆಯ ನಿಲುವು ಗೆರೆಯ ಮೇಲೆಯೇ ಬರುವಂತೆ ಬೆರಳಿನಿಂದ ತೀಡಿ, ನೇರ ಕೆಳಕ್ಕೆ ಎಳೆದು ಅಡಿಯಲ್ಲಿ ಎರಡು ಪಿನ್ ಹಾಕಿ. ಗೆರೆಯ ಮೇಲ್ತುದಿಯಲ್ಲಿ ಬಾಯಿ ತೆರೆದಂತೆ ಕಂಡರೆ ಎಳೆತ ಸೀಟಿನ ನಡುವಿನ ಕಡೆಗೆ ಹೋಗಿದೆ ಎಂದರ್ಥ. ಪಿನ್ ಕಿತ್ತು ಮೂಲೆಯ ಕಡೆಗೆ ಸ್ವಲ್ಪ ವಾಲಿಸಿ ಎಳೆಯಿರಿ. ಹಿಂದಿನ ಮೂಲೆಗಳಲ್ಲಿ ಸುತ್ತುವುದು ಪಕ್ಕದ ಬಟ್ಟೆಯನ್ನು, ಮಡಿಕೆ ಬರುವುದು ಬೆನ್ನಿನ ಕಡೆಗೆ.

ನಿಮ್ಮ ಇನ್ಯಾವುದಾದರೂ ಕುರ್ಚಿಯ ಮೂಲೆ ಗುಂಡಗಿದ್ದರೆ ಈ ಒಂಟಿ ಮಡಿಕೆ ಹೊಂದುವುದಿಲ್ಲ. ಅಲ್ಲಿ ಗುಂಡಿನ ನಟ್ಟನಡುವನ್ನು ಮೊದಲು ಎಳೆದು ಒಂದು ಪಿನ್ ಹೊಡೆದು, ಅದರ ಎರಡೂ ಪಕ್ಕ 1 ಸೆಂ.ಮೀ.ನಷ್ಟು ಚಿಕ್ಕ ನೆರಿಗೆಗಳನ್ನು ಹಲಗೆಯ ಅಡಿಯಲ್ಲೇ ಕೂರಿಸಬೇಕು. ನೆರಿಗೆ ಅಂಚು ದಾಟಿ ಮೇಲೆ ಕಂಡರೆ ಅವು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು ಎಂದು ತಿಳಿಯಿರಿ.

ಹೆಚ್ಚಿನ ಬಟ್ಟೆಯನ್ನು ಪಿನ್ನಿನ ಸಾಲಿನಿಂದ 1 ಸೆಂ.ಮೀ. ಬಿಟ್ಟು ಕತ್ತರಿಸುವ ಮೊದಲು ಸೀಟನ್ನು ಮೇಲೆ ತಿರುಗಿಸಿ ಅಂಗೈಯಿಂದ ಒತ್ತಿ ಬಿಡಿ. ಸುಕ್ಕು ಮೂಡಿ ಹಾಗೇ ಉಳಿದರೆ ಬಟ್ಟೆ ಸಡಿಲ, ಆ ಬದಿಯ ಪಿನ್ ಕಿತ್ತು ಮತ್ತೆ ಎಳೆಯಬೇಕು. ಸ್ಕ್ರೂ ತೂತುಗಳ ಮೇಲೆ ಬಟ್ಟೆ ಬಂದಿದ್ದರೆ ಅಷ್ಟು ಭಾಗವನ್ನು ಕತ್ತರಿಸಿ ತೆಗೆಯಿರಿ, ಇಲ್ಲವಾದರೆ ಸ್ಕ್ರೂ ತಿರುಗುವಾಗ ಎಳೆಯನ್ನು ಸುತ್ತಿಕೊಂಡು ಬಟ್ಟೆಯನ್ನು ಜಗ್ಗುತ್ತದೆ. ಸೀಟು ಸೇರಿಸಲು ಹಳೆಯ ಸ್ಕ್ರೂಗಳನ್ನೇ ಬಳಸಿ. ಉದ್ದನೆಯವು ಹಲಗೆ ದಾಟಿ ಫೋಮ್‌ಗೆ ನುಗ್ಗುತ್ತವೆ.