ಏಸಿಯಿಂದ ಕೋಣೆಯೊಳಗೆ ನೀರು ತೊಟ್ಟಿಕ್ಕುತ್ತಿದೆ, ಗ್ಯಾಸ್ ತುಂಬಿಸಬೇಕಾ?

ಪ್ರಶ್ನೆ: ನಮ್ಮ ಮಲಗುವ ಕೋಣೆಯ ಗೋಡೆ ಏಸಿಗೆ ಎರಡು ವರ್ಷ. ತಂಪು ಚೆನ್ನಾಗಿಯೇ ಬರುತ್ತದೆ. ಆದರೆ ಹಾಕಿದ ಒಂದು ಗಂಟೆ ಕಳೆದ ಮೇಲೆ ಕೆಳಗಿನಿಂದ ನೀರು ತೊಟ್ಟಿಕ್ಕಿ ಹಾಸಿಗೆ ಒದ್ದೆಯಾಗುತ್ತಿದೆ. ಹೊರಗಿನ ಪೈಪನ್ನು ಮಲ್ಲಿಗೆ ಗಿಡಕ್ಕೆ ನೀರು ಸಿಗಲಿ ಅಂತ ಬಕೆಟಿಗೆ ಬಿಟ್ಟಿದ್ದೇವೆ. ನೋಡಲು ಬಂದವರು ಗ್ಯಾಸ್ ತುಂಬಿಸಬೇಕು ಎಂದರು. ಹೌದಾ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಈಗಲೇ ಗ್ಯಾಸಿಗೆ ದುಡ್ಡು ಕೊಡಬೇಡಿ. ಗ್ಯಾಸ್ ಅಡುಗೆ ಸಿಲಿಂಡರಿನ ಹಾಗೆ ಬಳಸಿ ಖಾಲಿಯಾಗುವುದಲ್ಲ. ಎಲ್ಲಾದರೂ ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಹಾಗಾದಾಗ ಮೊದಲು ತಂಪು ಕಡಿಮೆಯಾಗುತ್ತದೆ, ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ನಿಮ್ಮಲ್ಲಿ ತಂಪು ಸರಿಯಾಗಿದೆ. ಇನ್ನು, ನೀರು ಒಂದು ಗಂಟೆ ಬಿಟ್ಟು ಬೀಳುತ್ತದೆ ಎಂದಿರಲ್ಲ, ಅದೇ ದೊಡ್ಡ ಸುಳಿವು.

ಫ್ರಿಜ್ಜಿನಿಂದ ತೆಗೆದ ಬಾಟಲಿ ಹೊರಗಡೆ ಬೆವರುತ್ತದಲ್ವಾ? ತಣ್ಣನೆಯ ಕಾಯಿಲ್ ಕೂಡ ಹಾಗೆಯೇ ಬೆವರುತ್ತದೆ. ನಮ್ಮ ಕಾಸರಗೋಡಿನ ಸೆಕೆಯಲ್ಲಿ ಒಂದು ಟನ್ ಏಸಿಯಿಂದ ಗಂಟೆಗೆ ಲೀಟರಿನಷ್ಟು ನೀರು ಬಂದರೂ ಆಶ್ಚರ್ಯವಿಲ್ಲ. ಅದು ಕಾಯಿಲ್ ಕೆಳಗಿನ ಉದ್ದನೆಯ ತಟ್ಟೆಗೆ ಬಿದ್ದು, ಅಲ್ಲಿಂದ ಡ್ರೈನ್ ಪೈಪಿನಲ್ಲಿ ಹೊರಗೆ ಹೋಗಬೇಕು. ದಾರಿ ಕಟ್ಟಿದರೆ ತಟ್ಟೆ ನಿಧಾನಕ್ಕೆ ತುಂಬಿ, ಅಂಚು ದಾಟಿ ಹಾಸಿಗೆಗೆ ಬೀಳುತ್ತದೆ. ತಟ್ಟೆ ತುಂಬಲು ಹಿಡಿಯುವ ಹೊತ್ತೇ ನಿಮ್ಮ ಆ ಒಂದು ಗಂಟೆ.

ಖಾತ್ರಿಯಾಗಲು, ಒಳಗೆ ತೊಟ್ಟಿಕ್ಕುವಾಗಲೇ ಹೊರಗೆ ಹೋಗಿ ಪೈಪಿನ ತುದಿ ನೋಡಿ. ಅಲ್ಲಿ ನೀರಿಲ್ಲ, ಅಥವಾ ಯಾವಾಗಲೋ ಒಂದು ಹನಿ ಅಂದರೆ ಪೈಪ್ ಕಟ್ಟಿದೆ. ಹೊರಗೂ ಧಾರಾಳವಾಗಿ ಹರಿಯುತ್ತಿದ್ದರೆ ತೊಂದರೆ ಬೇರೆಯದು. ಏಸಿ ಒಂದು ಕಡೆಗೆ ವಾಲಿರಬಹುದು, ತಟ್ಟೆ ಸೀಳಿರಬಹುದು.

ನನಗೆ ಮೊದಲ ಅನುಮಾನ ನಿಮ್ಮ ಬಕೆಟಿನ ಮೇಲೆ. ಪೈಪಿನ ತುದಿ ನೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿಗೆ ಹೊರಬರಲು ದಾರಿಯಿಲ್ಲ. ತಟ್ಟೆಯಿಂದ ಇಳಿಯುವ ಸಣ್ಣ ನೀರಿಗೆ ಆ ಗಾಳಿಯನ್ನು ತಳ್ಳುವಷ್ಟು ಬಲವೂ ಇಲ್ಲ. ನಿಂತ ನೀರಿನಲ್ಲಿ ಧೂಳು ಸೇರಿ ಲೋಳೆ ಬೆಳೆಯುತ್ತದೆ. ಆದ್ದರಿಂದ ಮೊದಲು ತುದಿಯನ್ನು ಬಕೆಟಿನಿಂದ ಎತ್ತಿ. ಕೆಲವು ಸಲ ಅಷ್ಟಕ್ಕೇ ಭುಸ್ ಎಂದು ಗಾಳಿ ಬಂದು, ಹಿಂದೆಯೇ ನೀರು ಸುರಿಯುತ್ತದೆ.

ಸುರಿಯದಿದ್ದರೆ ಎಳೆದು ತೆಗೆಯಬೇಕು. ಏಸಿಯ ಎಂಸಿಬಿ ಆಫ್ ಮಾಡಿ, ಹಾಸಿಗೆ ಸರಿಸಿ, ಕೆಳಗೆ ಟಬ್ ಇಡಿ. ಒದ್ದೆ ಎಳೆಯುವ ವ್ಯಾಕ್ಯೂಮ್ ಸಿಕ್ಕಿದರೆ ಒಳ್ಳೆಯದು, ಕಾರು ತೊಳೆಯುವ ಅಂಗಡಿಗಳಲ್ಲಿ ಇರುತ್ತದೆ. ಮನೆ ಗುಡಿಸುವ ಸಾಮಾನ್ಯ ವ್ಯಾಕ್ಯೂಮ್ ಬೇಡ, ನೀರು ಹೋದರೆ ಅದರ ಮೋಟಾರು ಸುಟ್ಟೀತು. ಒದ್ದೆ ಎಳೆಯುವ ವ್ಯಾಕ್ಯೂಮಿನ ಬಾಯಿಯನ್ನು ಪೈಪಿನ ತುದಿಗೆ ಹಿಡಿದು, ಸಂದಿಗೆ ಒದ್ದೆ ಬಟ್ಟೆ ಸುತ್ತಿ, ಅರ್ಧ ನಿಮಿಷದಂತೆ ಎರಡು ಮೂರು ಸಲ ಎಳೆಯಿರಿ. ಬಾಯಿಯಿಂದ ಖಂಡಿತ ಎಳೆಯಬೇಡಿ. ಹಾಗೆಯೇ ಹೊರಗಿನಿಂದ ಪಂಪು ಹೊಡೆದು ಊದಲೂಬೇಡಿ. ಲೋಳೆಯೆಲ್ಲ ವಾಪಸ್ ತಟ್ಟೆಗೆ ಹೋಗುತ್ತದೆ, ಒಳಗಿನ ಜೋಡಣೆ ಕಳಚಿದರೆ ನೀರು ಗೋಡೆಗೇ ಇಳಿಯುತ್ತದೆ.

ಕಳೆದ ಮೇ ತಿಂಗಳಲ್ಲಿ ಉಪ್ಪಳದ ಒಂದು ಮನೆಯಲ್ಲಿ ಎಷ್ಟು ಎಳೆದರೂ ಏನೂ ಬರಲಿಲ್ಲ. ಟಾರ್ಚ್ ಹಾಕಿ ನೋಡಿದರೆ ತುದಿಯಿಂದ ಎರಡು ಬೆರಳು ಒಳಗೆ ಕೆಂಪು ಮಣ್ಣು. ಕಣಜ ಗೂಡು ಕಟ್ಟಿತ್ತು. ಪೈಪಿನ ತುದಿಯನ್ನು ನಾಲ್ಕು ಇಂಚು ಕತ್ತರಿಸಿದ್ದೇ ತಡ, ಕಾಫಿ ಬಣ್ಣದ ನೀರು ಜರ್ರನೆ ಇಳಿಯಿತು, ಜೊತೆಗೆ ಬಾಳೆದಿಂಡಿನ ನಾರಿನಂತೆ ಜೋತಾಡುವ ಲೋಳೆ. ನೀವೂ ತುದಿಯನ್ನು ಒಮ್ಮೆ ಬೆಳಕಿನಲ್ಲಿ ನೋಡಿ.

ಲೋಳೆ ಬಂದ ಮೇಲೆ ಪರೀಕ್ಷೆ. ಮುಂದಿನ ಮುಚ್ಚಳ ತೆರೆದು ಫಿಲ್ಟರ್ ತೆಗೆಯಿರಿ, ಅದನ್ನೂ ತೊಳೆದುಬಿಡಿ. ಅರ್ಧ ಲೀಟರ್ ನೀರನ್ನು ಬಾಟಲಿಯಿಂದ ಕಾಯಿಲ್ ಮೇಲೆ ಸಣ್ಣಗೆ ಬಿಡಿ. ವಿದ್ಯುತ್ ಬೋರ್ಡ್ ಇರುವ ಬದಿ, ಸಾಮಾನ್ಯವಾಗಿ ಬಲಗಡೆ, ಒಂದು ಹನಿಯೂ ತಾಗಬಾರದು. ಹೊರಗೊಬ್ಬರನ್ನು ನಿಲ್ಲಿಸಿ. ನೀವು ಬಿಟ್ಟ ನೀರು ತಡವಿಲ್ಲದೆ ಅವರ ಕಣ್ಣೆದುರು ಬಂದರೆ ದಾರಿ ತೆರೆದಿದೆ. ಬೇಗ ಕ್ಲೀನ್ ಆಗಲಿ ಅಂತ ಟಾಯ್ಲೆಟ್ ಆಸಿಡ್ ಅಥವಾ ಬ್ಲೀಚ್ ಸುರಿಯಬೇಡಿ, ಕಾಯಿಲಿನ ಅಲ್ಯೂಮಿನಿಯಂ ತಿಂದು ಹಾಕುತ್ತದೆ.

ಮಲ್ಲಿಗೆಗೆ ನೀರು ಬೇಕಾದರೆ ಬಕೆಟ್ ಇರಲಿ, ಆದರೆ ಪೈಪಿನ ತುದಿ ಬಕೆಟಿನ ಬಾಯಿಗಿಂತ ಒಂದು ಗೇಣು ಮೇಲಿರಲಿ. ಪೈಪ್ ಎಲ್ಲೂ ಜೋತುಬೀಳದೆ ಉದ್ದಕ್ಕೂ ಇಳಿಜಾರಾಗಿರಬೇಕು, ಮೀಟರಿಗೆ ಒಂದು ಸೆಂಟಿಮೀಟರ್ ಇಳಿದರೆ ಸಾಕು. ಇಷ್ಟಾದ ಮೇಲೂ ಒಳಗೆ ತೊಟ್ಟಿಕ್ಕಿದರೆ ಮೆಕ್ಯಾನಿಕ್ಕನ್ನು ಕರೆಸಿ. ಏಸಿಯ ಮಟ್ಟವನ್ನೂ ಗೋಡೆಯೊಳಗಿನ ಪೈಪನ್ನೂ ನಿಮ್ಮ ಎದುರೇ ನೋಡಿಸಿ.